ಕಿಬಾನಾದಲ್ಲಿ ಎರರ್ ಹುಡುಕಾಟ: ಮೂರು ವರ್ಷಗಳ ಬಳಕೆಯ ನಂತರ

ಮಂಗಳೂರಿನ ಬಿಜೈಯಲ್ಲಿರುವ ನಮ್ಮ ಕಚೇರಿಯಲ್ಲಿ ಖಾಸಗಿ ಬಸ್ಸುಗಳ ಟಿಕೆಟ್ ಕಾಯ್ದಿರಿಸುವ ಜಾಲತಾಣವೊಂದರ ಸರ್ವರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮೊದಲೆಲ್ಲ ತೊಂದರೆ ಬಂದಾಗ ಪ್ರತಿ ಸರ್ವರ್‌ಗೂ ಒಂದೊಂದಾಗಿ ಲಾಗಿನ್ ಆಗಿ ಲಾಗ್ ಫೈಲುಗಳಲ್ಲಿ grep ಮಾಡುತ್ತಿದ್ದೆವು. ಮೂರು ವರ್ಷಗಳಿಂದ ಈ ಲಾಗ್‌ಗಳನ್ನು ಫೈಲ್‌ಬೀಟ್ ಮೂಲಕ ನಮ್ಮದೇ ಯಂತ್ರದಲ್ಲಿರುವ ಎಲಾಸ್ಟಿಕ್‌ಸರ್ಚ್‌ಗೆ ಕಳುಹಿಸಿ, ಕಿಬಾನಾದ Discover ಪುಟದಲ್ಲಿ ಹುಡುಕುತ್ತಿದ್ದೇವೆ. ಈ ಪುಟದಲ್ಲಿ ನಾನು ದಿನವೂ ಮಾಡುವುದು ಮೂರೇ ಕೆಲಸ: ಸಮಯದ ವ್ಯಾಪ್ತಿಯನ್ನು ನಿಗದಿಪಡಿಸುವುದು, ಫೀಲ್ಡ್ ಫಿಲ್ಟರ್ ಹಾಕುವುದು, ಉಳಿದ ಸಾಲುಗಳನ್ನು ಎಣಿಸುವುದು. ಈ ಮೂರೂ ಎಷ್ಟು ಚೆನ್ನಾಗಿ ನಡೆಯುತ್ತವೆ, ಎಲ್ಲಿ ದಾರಿ ತಪ್ಪಿಸುತ್ತವೆ ಎಂಬುದನ್ನು ಒಂದು ಶುಕ್ರವಾರದ ಸಂಜೆಯ ಮೂಲಕ ಹೇಳಿದರೆ ಹೆಚ್ಚು ಸ್ಪಷ್ಟವಾದೀತು.

ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸುಗಳಿಗೆ ಶುಕ್ರವಾರ ಸಂಜೆ ವಿಪರೀತ ಬೇಡಿಕೆ ಇರುತ್ತದೆ. ಅಂದು ಏಳು ಗಂಟೆಯ ಹೊತ್ತಿಗೆ, ಹಣ ಕಡಿತವಾಗಿದೆ ಆದರೆ ಟಿಕೆಟ್ ಬಂದಿಲ್ಲ ಎಂಬ ದೂರುಗಳು ಶುರುವಾದವು. ನಾನು ವ್ಯಾಪ್ತಿಯನ್ನು 7:00ರಿಂದ 7:30ರವರೆಗೆ ಇಟ್ಟು ಹೀಗೆ ಹುಡುಕಿದೆ:

```
http.response.status_code >= 500 and url.path : "/booking/confirm"
```

486 ಸಾಲುಗಳು ಸಿಕ್ಕವು. ಎಡಬದಿಯ ಪಟ್ಟಿಯಿಂದ host.name ಫೀಲ್ಡನ್ನು ಆರಿಸಿ ಸರ್ವರ್‌ವಾರು ಎಣಿಸಿದಾಗ app-1ರಲ್ಲಿ 251, app-2ರಲ್ಲಿ 235 ಬಂದಿತು, app-3ರ ಹೆಸರೇ ಇರಲಿಲ್ಲ. ಪಕ್ಕದಲ್ಲಿದ್ದ ಸಹೋದ್ಯೋಗಿ, "ಮೂರನೆಯದರಲ್ಲಿ ಒಂದೂ ಎರರ್ ಇಲ್ಲ ಮಾರಾಯ್ರೆ, ಅದು ಸರಿ ಉಂಟು" ಎಂದರು. ನನಗೂ ಹಾಗೆಯೇ ಕಂಡಿತು. ಇಡೀ ದಟ್ಟಣೆಯನ್ನು app-3ರ ಕಡೆಗೆ ತಿರುಗಿಸಿದೆವು. ಎರಡೇ ನಿಮಿಷಗಳಲ್ಲಿ ಕಿಬಾನಾದ ಪರದೆಯಲ್ಲಿ ಎರರ್‌ಗಳ ಎಣಿಕೆ ಸೊನ್ನೆಗೆ ಇಳಿಯಿತು, ಆದರೆ ಬಸ್ ಕೌಂಟರಿನಿಂದ ಬರುವ ಫೋನ್ ಕರೆಗಳು ನಿಲ್ಲುವ ಬದಲು ಹೆಚ್ಚಾದವು.

ಸುಮಾರು ಇಪ್ಪತ್ತು ನಿಮಿಷ ಹೋದ ಮೇಲೆ, ಎರರ್ ಫಿಲ್ಟರನ್ನು ಪೂರ್ತಿ ತೆಗೆದು host.name : "app-3" ಎಂದಷ್ಟೇ ಹಾಕಿ ನೋಡಿದೆ. ಆಗಲೂ ಸೊನ್ನೆ. ಜಾಲತಾಣದ ಎಲ್ಲ ಕೋರಿಕೆಗಳೂ ಹೋಗುತ್ತಿರುವ ಸರ್ವರ್‌ನಲ್ಲಿ ಯಶಸ್ವಿಯಾದ ಒಂದು ಸಾಲೂ ಇಲ್ಲವೆಂದರೆ, ಅಲ್ಲಿ ಎರರ್ ಇಲ್ಲ ಎಂದಲ್ಲ, ಆ ಸಮಯದ ಲಾಗೇ ನಮ್ಮ ಕಣ್ಣಿಗೆ ಬೀಳುತ್ತಿಲ್ಲ ಎಂದರ್ಥ. ವ್ಯಾಪ್ತಿಯ ಕೊನೆಯನ್ನು ಮರುದಿನದವರೆಗೆ ಚಾಚಿದಾಗ, 7:00ರಿಂದ 7:30ರ ನಡುವಿನ ಸಾಲುಗಳೆಲ್ಲ ಇನ್ನೂ ಬಾರದ ಮಧ್ಯರಾತ್ರಿಯ 12:30ರಿಂದ 1:00ರ ಜಾಗದಲ್ಲಿ ಕುಳಿತಿದ್ದವು. ಅವುಗಳಲ್ಲಿ 244 ಎರರ್‌ಗಳಿದ್ದವು.

ಕಾರಣ ಸರಳವಾದದ್ದು, ಮತ್ತು ತಪ್ಪು ನಮ್ಮದೇ. ಎಲಾಸ್ಟಿಕ್‌ಸರ್ಚ್ ಸಮಯವನ್ನು ಯುಟಿಸಿಯಲ್ಲಿ ಇಟ್ಟುಕೊಳ್ಳುತ್ತದೆ. ಕಿಬಾನಾ ಅದನ್ನು ನಾವು ಬೇರೆ ಹೇಳದ ಹೊರತು ಬ್ರೌಸರ್‌ನ ಸಮಯವಲಯಕ್ಕೆ, ಅಂದರೆ ನಮ್ಮಲ್ಲಿ 5:30 ಗಂಟೆ ಸೇರಿಸಿ, ತೋರಿಸುತ್ತದೆ. ಹಳೆಯ ಎರಡು ಸರ್ವರ್‌ಗಳ ಲಾಗ್‌ನಲ್ಲಿ ಸಮಯದ ಕೊನೆಗೆ +05:30 ಎಂಬ ಗುರುತು ಇತ್ತು. ಅಂದು ಸಂಜೆಯಷ್ಟೇ ಹೊಸದಾಗಿ ಸೇರಿಸಿದ್ದ app-3ರಲ್ಲಿ ಆ ಗುರುತಿಲ್ಲದೆ ಬರಿಯ ಭಾರತೀಯ ಸಮಯ ಬರೆಯಲ್ಪಡುತ್ತಿತ್ತು. ವಲಯದ ಗುರುತು ಇಲ್ಲದ್ದನ್ನು ಎಲಾಸ್ಟಿಕ್‌ಸರ್ಚ್ ಯುಟಿಸಿ ಎಂದೇ ಓದಿಕೊಂಡದ್ದರಿಂದ ಪ್ರತಿ ಸಾಲೂ ಐದೂವರೆ ಗಂಟೆ ಮುಂದಕ್ಕೆ ಹೋಯಿತು. Last 15 minutes ಎಂಬ ವ್ಯಾಪ್ತಿ ಈಗಿನ ಕ್ಷಣಕ್ಕೆ ಮುಗಿಯುವುದರಿಂದ, ಭವಿಷ್ಯದಲ್ಲಿ ಬಿದ್ದ ಸಾಲು ಅದರೊಳಗೆ ಬರುವುದಿಲ್ಲ, ಮತ್ತು ಇದರ ಬಗ್ಗೆ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಮೂಡುವುದಿಲ್ಲ. app-3ರ ಸಾಲುಗಳ ಇನ್‌ಜೆಸ್ಟ್ ಪೈಪ್‌ಲೈನ್‌ನಲ್ಲಿ ವಲಯವನ್ನು ಹೀಗೆ ತಿಳಿಸಿದರೆ ಸಾಕು:

```
{
  "date": {
    "field": "log_time",
    "formats": ["yyyy-MM-dd HH:mm:ss"],
    "timezone": "Asia/Kolkata"
  }
}
```

ಇದರಿಂದ ಮುಂದೆ ಬರುವ ಸಾಲುಗಳು ಮಾತ್ರ ಸರಿಯಾಗುತ್ತವೆ. ಈಗಾಗಲೇ ಒಳಗೆ ಸೇರಿದವು ರೀಇಂಡೆಕ್ಸ್ ಮಾಡುವವರೆಗೂ ತಪ್ಪು ಸಮಯದಲ್ಲೇ ಇರುತ್ತವೆ. ಅಂದಿನಿಂದ ನಾವು ಸಾಲು ಒಳಬಂದ ಕ್ಷಣವನ್ನು event.ingested ಎಂಬ ಇನ್ನೊಂದು ಫೀಲ್ಡ್‌ನಲ್ಲಿಯೂ ಬರೆಯುತ್ತಿದ್ದೇವೆ. ಅದಕ್ಕೂ @timestampಗೂ ಐದು ನಿಮಿಷಕ್ಕಿಂತ ಹೆಚ್ಚು ಅಂತರ ಬಂದರೆ, ಸಮಯವಲಯ ತಪ್ಪಿದೆ ಅಥವಾ ಲಾಗ್ ತಡವಾಗಿ ತಲುಪುತ್ತಿದೆ ಎಂದು ತಿಳಿಯುತ್ತದೆ.

ಸಮಯ ಸರಿಹೋದ ಮೇಲೆ ಉಪಕರಣದ ನಿಜವಾದ ಶಕ್ತಿ ಕಂಡಿತು. ಇಡೀ ದಿನದ ವ್ಯಾಪ್ತಿಯಲ್ಲಿ ಮೇಲಿನ ನಕ್ಷೆಯ ಒಂದೊಂದು ಕಂಬವೂ 30 ನಿಮಿಷಗಳ ಎಣಿಕೆಯಾಗಿರುವುದರಿಂದ ಸಂಜೆ ಒಂದು ದಿಬ್ಬ ಮಾತ್ರ ಕಾಣುತ್ತಿತ್ತು. ವ್ಯಾಪ್ತಿಯನ್ನು ಒಂದು ಗಂಟೆಗೆ ಇಳಿಸಿದ ಕೂಡಲೇ ಕಂಬಗಳು ಒಂದು ನಿಮಿಷದವಾದವು, ಮತ್ತು ಆ ದಿಬ್ಬ 7:00, 7:05, 7:10 ಎಂದು ಐದೈದು ನಿಮಿಷಕ್ಕೊಮ್ಮೆ ಏಳುವ ಚೂಪು ಮುಳ್ಳುಗಳಾಗಿ ಒಡೆಯಿತು. ಜನರ ದಟ್ಟಣೆ ಗಡಿಯಾರ ನೋಡಿಕೊಂಡು ಹೀಗೆ ಬರುವುದಿಲ್ಲ. ಅದು ಕ್ರಾನ್‌ನಿಂದ ನಡೆಯುವ ಕೆಲಸದ ಗುರುತು. ಖಾಲಿ ಆಸನಗಳ ಪಟ್ಟಿಯನ್ನು ಏಜೆಂಟರಿಗೆ ಕಳುಹಿಸುವ ಕೆಲಸವೊಂದು ಮೂರೂ ಸರ್ವರ್‌ಗಳಲ್ಲಿ ಒಂದೇ ಕ್ಷಣಕ್ಕೆ ಶುರುವಾಗಿ, ಪ್ರತಿ ಸರ್ವರ್‌ಗೆ ಮೀಸಲಾದ 20 ಡೇಟಾಬೇಸ್ ಸಂಪರ್ಕಗಳಲ್ಲಿ 16ನ್ನು ಹಿಡಿದುಕೊಳ್ಳುತ್ತಿತ್ತು. ಉಳಿದ ದಿನಗಳಲ್ಲಿ ನಾಲ್ಕು ಸಂಪರ್ಕಗಳೇ ಸಾಕಾಗುತ್ತಿದ್ದವು, ಶುಕ್ರವಾರ ಸಾಲಲಿಲ್ಲ.

ಮಾಲೀಕರಿಗೆ ವರದಿ ಕೊಡುವಾಗ ಇನ್ನೊಂದು ಎಚ್ಚರ ಬೇಕಾಯಿತು. ಒಟ್ಟು 730 ಎರರ್‌ಗಳೆಂದರೆ 730 ಪ್ರಯಾಣಿಕರಿಗೆ ತೊಂದರೆಯಾಯಿತು ಎಂದಲ್ಲ. ಪಾವತಿ ಸೇವೆ ಉತ್ತರ ಸಿಗದಿದ್ದಾಗ ಅದೇ ದೃಢೀಕರಣವನ್ನು ಮತ್ತೆ ಮತ್ತೆ ಕಳುಹಿಸುತ್ತದೆ. ಕಿಬಾನಾದ Lensನಲ್ಲಿ order_id ಮೇಲೆ Unique count ತೆಗೆದುಕೊಂಡಾಗ ಬಂದದ್ದು 198. ಹಣ ಮರಳಿಸಬೇಕಾದವರು ಯಾರು ಎಂದು ಪರಿಶೀಲಿಸಲು ಬೇಕಾದದ್ದು ಈ ಸಂಖ್ಯೆ. ಲಕ್ಷಾಂತರ ಬೇರೆ ಬೇರೆ ಮೌಲ್ಯಗಳಿರುವಲ್ಲಿ Unique count ಅಂದಾಜು ಮಾತ್ರ ಆಗಿರುತ್ತದೆ, ಆದರೆ ಕೆಲವು ನೂರರ ಮಟ್ಟದಲ್ಲಿ ಅದನ್ನು ನಂಬಬಹುದು. Discoverನ ಪಟ್ಟಿಯನ್ನು ಕಣ್ಣಿನಿಂದ ಎಣಿಸುವುದಂತೂ ಸಲ್ಲದು, ಏಕೆಂದರೆ ಮೂಲ ಹೊಂದಾಣಿಕೆಯಲ್ಲಿ ಅದು 500 ಸಾಲುಗಳ ಮಾದರಿಯನ್ನಷ್ಟೇ ತರುತ್ತದೆ. ಮೇಲ್ಗಡೆ ತೋರಿಸುವ ಒಟ್ಟು ಸಂಖ್ಯೆ ಬೇರೆ.

ಸ್ವಂತ ಯಂತ್ರದಲ್ಲಿ ಇದನ್ನು ನಡೆಸುವವರು ಡಿಸ್ಕ್ ಜಾಗದ ಮೇಲೆ ಕಣ್ಣಿಡಲೇಬೇಕು. ಡಿಸ್ಕ್ 95 ಪ್ರತಿಶತ ತುಂಬಿದರೆ, ಮೂಲ ಹೊಂದಾಣಿಕೆಯಂತೆ ಎಲಾಸ್ಟಿಕ್‌ಸರ್ಚ್ ಹೊಸ ಸಾಲುಗಳನ್ನು ಬರೆಯುವುದನ್ನು ತಡೆಯುತ್ತದೆ, ಮತ್ತು ಆಗಲೂ ಎರರ್‌ಗಳ ಎಣಿಕೆ ಸೊನ್ನೆಯೇ ಆಗಿ ಕಾಣುತ್ತದೆ. ನಾವು 30 ದಿನಗಳ ಲಾಗ್ ಮಾತ್ರ ಉಳಿಸಿಕೊಳ್ಳುತ್ತೇವೆ. ಒಂದೇ ಸರ್ವರ್ ಇರುವವರಿಗೆ ಇಷ್ಟೆಲ್ಲ ಬೇಡ, journalctl ಸಾಕು. ಎರಡಕ್ಕಿಂತ ಹೆಚ್ಚು ಸರ್ವರ್‌ಗಳಿದ್ದು, ಲಾಗ್‌ಗಳನ್ನು ಫೀಲ್ಡ್‌ಗಳಾಗಿ ಒಡೆದು ಕಳುಹಿಸಲು ಸಿದ್ಧರಿರುವವರಿಗೆ ನಾನು ಕಿಬಾನಾವನ್ನು ಹಿಂಜರಿಕೆಯಿಲ್ಲದೆ ಸೂಚಿಸುತ್ತೇನೆ.

ಆಸನಗಳ ಪಟ್ಟಿ ಕಳುಹಿಸುವ ಆ ಕೆಲಸವನ್ನು ಒಂದೇ ಸರ್ವರ್‌ಗೆ ಸೀಮಿತಗೊಳಿಸಿ, ಎರಡು ಸಂಪರ್ಕಗಳಿಗೆ ಇಳಿಸಿದೆವು. ಮುಂದಿನ ಶುಕ್ರವಾರ ಅದೇ 7:00ರಿಂದ 7:30ರ ವ್ಯಾಪ್ತಿಯಲ್ಲಿ, ಮೊದಲು ಫಿಲ್ಟರ್ ಇಲ್ಲದೆ ಮೂರೂ ಸರ್ವರ್‌ಗಳ ಒಟ್ಟು ಸಾಲುಗಳು ಹಿಂದಿನ ವಾರದಷ್ಟೇ ಇವೆಯೇ ಎಂದು ನೋಡಿಕೊಂಡೆ. ಅನಂತರ ಎರರ್ ಫಿಲ್ಟರ್ ಹಾಕಿದಾಗ ಬಂದ ಎಣಿಕೆ 6.