ಸುಳ್ಳು ನಿಶ್ಚಿತಾರ್ಥ, ಟೈಮ್ ಲೂಪ್, ಮೊಟ್ಟೆ ತಲೆ: ಪ್ಲೇ ಒತ್ತುವ ಮೊದಲು ಓದುವ ಎರಡು ಸಾಲು

ಉಡುಪಿಯ ಮಳೆಗಾಲದಲ್ಲಿ ಶನಿವಾರ ರಾತ್ರಿ ಹೊರಗೆ ಹೋಗುವ ಮಾತೇ ಇಲ್ಲ. ಊಟ ಮುಗಿಸಿ ಒಂದು ಲವ್ ಕಾಮಿಡಿ ಹಾಕುವುದು ನಮ್ಮ ಮನೆಯ ರೂಢಿ. ಈಚೆಗೆ ನೋಡಿದ ಮೂರನ್ನು ಅವುಗಳ ಎರಡು ಸಾಲಿನ ಕಥಾಸಾರ ಹಿಡಿದು ಇಲ್ಲಿ ಹೋಲಿಸುತ್ತೇನೆ. ಒಂದು, ನನ್ನ ತಮ್ಮ ಬಾಡಿಗೆ ಕೊಟ್ಟು ಹಾಕಿದ ಹೊಸ ಸಿನಿಮಾ, ಹೆಸರು ಬೇಡ. ಇನ್ನೊಂದು, 2020ರ ಇಂಗ್ಲಿಷ್ ಸಿನಿಮಾ 'ಪಾಮ್ ಸ್ಪ್ರಿಂಗ್ಸ್'. ಮತ್ತೊಂದು, ನಮ್ಮ ಮಂಗಳೂರಿನದ್ದೇ ಆದ 2017ರ 'ಒಂದು ಮೊಟ್ಟೆಯ ಕಥೆ'. ಗೆದ್ದದ್ದು ಮೊಟ್ಟೆಯೇ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಾಡಿಗೆ ಸಿನಿಮಾದ ಕೆಳಗೆ ಬರೆದದ್ದು ಇಷ್ಟು: ಸ್ವಭಾವದಲ್ಲಿ ಉತ್ತರ ದಕ್ಷಿಣವಾದ ಇಬ್ಬರು ಮನೆಯವರ ಕಾಟ ತಪ್ಪಿಸಲು ಸುಳ್ಳು ನಿಶ್ಚಿತಾರ್ಥ ಮಾಡಿಕೊಳ್ಳುತ್ತಾರೆ, ಆದರೆ ನಿಜವಾದ ಪ್ರೀತಿ ಹುಟ್ಟಿದಾಗ ಏನಾಗುತ್ತದೆ? ಓದಿದ ಕೂಡಲೇ "ಇದು ಬೇಡ ಮಾರಾಯ" ಅಂದೆ. "ಸುಮ್ನೆ ನೋಡು ಅಕ್ಕ, ಹಾಡು ಚೆನ್ನಾಗಿದೆಯಂತೆ" ಅಂದ. ಹಾಡು ಚೆನ್ನಾಗಿಯೇ ಇತ್ತು.

ತೊಂದರೆ ಇರುವುದು ಆ ಸುಳ್ಳಿನಲ್ಲಿ. ಕಥೆ ಗುಟ್ಟಿನ ಮೇಲೆ ನಿಂತಿದ್ದರೆ ಆ ಗುಟ್ಟು ಯಾವಾಗಲಾದರೂ ಒಡೆಯಲೇಬೇಕು. ಸಿನಿಮಾ ಮುಕ್ಕಾಲು ಮುಗಿಯುವ ಹೊತ್ತಿಗೆ, ಎಲ್ಲರೂ ಸೇರಿರುವ ಸಮಾರಂಭದಲ್ಲೇ ಒಡೆಯುತ್ತದೆ. ಆಮೇಲೆ ಅವಳು ಅಳುತ್ತಾ ಹೋಗುತ್ತಾಳೆ, ಅವನು ಒಂದು ಬೇಸರದ ಹಾಡು ಹೇಳುತ್ತಾನೆ, ಗೆಳೆಯ ಬುದ್ಧಿ ಹೇಳುತ್ತಾನೆ, ಕೊನೆಗೆ ಏರ್‌ಪೋರ್ಟಿಗೆ ಓಟ. ನಾವು ನೋಡಿದ್ದೂ ಹಾಗೇ. ಅವಳು ಬಾಗಿಲಿನ ಹಿಂದೆ ನಿಂತು ಅರ್ಧ ಮಾತು ಕೇಳಿಸಿಕೊಂಡಳು. ಉಳಿದ ಅರ್ಧ ಕೇಳಿದ್ದರೆ ಅರ್ಧ ಗಂಟೆ ಉಳಿಯುತ್ತಿತ್ತು.

ಅದಕ್ಕೇ ಈಗ ಕಥಾಸಾರ ಓದುವಾಗ ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಇವರಿಬ್ಬರ ನಡುವಿನ ಅಡ್ಡಿ ಏನು? ಐದು ನಿಮಿಷ ಕೂತು ಮಾತಾಡಿದರೆ ಅದು ಕರಗಿ ಹೋಗುತ್ತದೆ ಅಂತಾದರೆ ಕಥೆಗಾರರು ಆ ಐದು ನಿಮಿಷವನ್ನು ಎರಡು ಗಂಟೆ ತಡೆದು ಹಿಡಿಯಬೇಕು. ಫೋನ್ ಕಳೆದುಹೋಗುವುದು, ಹಳೆಯ ಪ್ರೇಯಸಿ ಅದೇ ಹೊತ್ತಿಗೆ ಬಂದು ನಿಲ್ಲುವುದು, ಎಲ್ಲಾ ಬರುವುದು ಅದಕ್ಕೇ.

ಮೊಟ್ಟೆಯ ಕಥೆಯ ಸಾಲು ನೋಡಿ. ಇಪ್ಪತ್ತೆಂಟು ವರ್ಷದ, ತಲೆ ಬೋಳಾದ ಕನ್ನಡ ಉಪನ್ಯಾಸಕ ಜನಾರ್ದನ. ಬೇಗ ಮದುವೆ ಆಗದಿದ್ದರೆ ಸನ್ಯಾಸಿ ಆಗುತ್ತಾನೆ ಅಂತ ಜ್ಯೋತಿಷಿಯ ಮಾತು. ಎಷ್ಟು ಮಾತಾಡಿದರೂ ತಲೆಯಲ್ಲಿ ಕೂದಲು ಬರುವುದಿಲ್ಲ ಅಲ್ವಾ? ಅಡ್ಡಿ ಹಾಗೇ ಉಳಿಯುತ್ತದೆ, ಮನುಷ್ಯ ಬದಲಾಗಬೇಕು. ತನ್ನ ತಲೆ ನೋಡಿದವರ ಮೇಲೆ ನೊಂದುಕೊಳ್ಳುವ ಇದೇ ಜನಾರ್ದನ ಹುಡುಗಿಯ ರೂಪ ಅಳೆಯಲು ಕೂರುತ್ತಾನೆ. ನಗು ಅಲ್ಲಿಂದ ಬರುತ್ತದೆ, ಸ್ವಲ್ಪ ಚುಚ್ಚುತ್ತದೆ ಕೂಡ. ರಾಜ್ ಬಿ. ಶೆಟ್ಟಿ ಅವರೇ ಬರೆದು, ನಿರ್ದೇಶಿಸಿ, ಜನಾರ್ದನನಾಗಿ ನಟಿಸಿದ್ದಾರೆ. ಮಾತು ನಮ್ಮ ಕಡೆಯ ಕನ್ನಡ, ಅದಕ್ಕೆ ನನ್ನಿಂದ ಜಾಸ್ತಿ ಅಂಕ. ಪಕ್ಷಪಾತ ಅಂದರೆ ಹೌದು.

ಇನ್ನೊಂದು ಪರೀಕ್ಷೆ, ಊರು ಮತ್ತು ಕೆಲಸ ಬದಲಿಸಿ ಓದುವುದು. ಬಾಡಿಗೆ ಸಿನಿಮಾದ ಇಬ್ಬರನ್ನು ಬ್ಯಾಂಕಿಗೆ ಹಾಕಿ, ಆಸ್ಪತ್ರೆಗೆ ಹಾಕಿ, ಸಾಲು ಹಾಗೇ ನಿಲ್ಲುತ್ತದೆ. ಮೊಟ್ಟೆಯ ಕಥೆಯನ್ನು 2019ರಲ್ಲಿ ಮಲಯಾಳಂನಲ್ಲಿ 'ತಮಾಶಾ' ಅಂತ, ಹಿಂದಿಯಲ್ಲಿ 'ಉಜಡಾ ಚಮನ್' ಅಂತ ಮಾಡಿದರು. ಊರು ಬದಲಾಯಿತು, ಆದರೆ ನಾಯಕ ಒಂದರಲ್ಲಿ ಮಲಯಾಳಂ ಮೇಷ್ಟ್ರು, ಇನ್ನೊಂದರಲ್ಲಿ ಹಿಂದಿ ಮೇಷ್ಟ್ರು. ತಾಯ್ನುಡಿ ಪಾಠ ಹೇಳುವ ಕೆಲಸ ತೆಗೆದರೆ ಆ ಮನುಷ್ಯನೇ ಉಳಿಯುವುದಿಲ್ಲ.

'ಪಾಮ್ ಸ್ಪ್ರಿಂಗ್ಸ್' ವಿಷಯದಲ್ಲಿ ತಮ್ಮ ನನ್ನನ್ನು ಹಿಡಿದ. ಮದುವೆಗೆ ಬಂದವರು ಒಂದೇ ದಿನದಲ್ಲಿ ಸಿಕ್ಕಿಬೀಳುತ್ತಾರೆ, ಬೆಳಗಾದರೆ ಮತ್ತೆ ಅದೇ ದಿನ. "ಇದು 1993ರ 'ಗ್ರೌಂಡ್‌ಹಾಗ್ ಡೇ' ಅಲ್ವಾ ಅಕ್ಕ, ಹಳೇ ಸರಕು" ಅಂದ. ಸರಕು ಹಳೆಯದೇ. ಆದರೆ ಅಲ್ಲಿ ನಾಯಕ ಒಬ್ಬನೇ ಸಿಕ್ಕಿಬಿದ್ದಿದ್ದ, ನಾಯಕಿಗೆ ನಿನ್ನೆಯ ನೆನಪೇ ಇರಲಿಲ್ಲ. ಇಲ್ಲಿ ಹುಡುಗ ಹುಡುಗಿ ಇಬ್ಬರಿಗೂ ಎಲ್ಲಾ ನೆನಪಿರುತ್ತದೆ. ಒಬ್ಬರಿಗೊಬ್ಬರು ಬೇಜಾರಾದರೂ ತಪ್ಪಿಸಿಕೊಳ್ಳಲು ನಾಳೆ ಎಂಬುದಿಲ್ಲ. ಹಳೆಯ ಅಡ್ಡಿಯಲ್ಲಿ ಒಂದು ಕೊಂಡಿ ಬದಲಾದರೆ ಸಾಕು, ಕಥೆ ಬೇರೆ ದಾರಿ ಹಿಡಿಯುತ್ತದೆ.

ಸಾಲು ಓದಿ ತಿಳಿಯುವುದು ಸೂತ್ರ ಮಾತ್ರ. ಸಂಭಾಷಣೆ ಹೇಗಿದೆ, ಇಬ್ಬರ ಜೋಡಿ ಕೂಡಿ ಬಂದಿದೆಯಾ ಅನ್ನುವುದು ಅದರಲ್ಲಿ ಸಿಗುವುದಿಲ್ಲ. 1989ರ 'ವೆನ್ ಹ್ಯಾರಿ ಮೆಟ್ ಸ್ಯಾಲಿ'ಯ ಕಥಾಸಾರ ಬರೆದರೆ "ಗಂಡು ಹೆಣ್ಣು ಬರೀ ಗೆಳೆಯರಾಗಿರಲು ಆಗುತ್ತದೆಯೇ" ಅಂತ ಇರುತ್ತದೆ, ನನ್ನ ಪರೀಕ್ಷೆಯಲ್ಲಿ ಅದು ಫೇಲ್. ಸಿನಿಮಾ ನಿಂತಿರುವುದು ಮಾತಿನ ಮೇಲೆ. ಅಂಥದ್ದಕ್ಕೆ ಟ್ರೈಲರ್ ಬಿಟ್ಟು ಮೊದಲ ಹತ್ತು ನಿಮಿಷ ನೋಡುತ್ತೇನೆ.

ಚಂದಾದಲ್ಲೇ ಬರುವುದಾದರೆ ಸುಳ್ಳು ನಿಶ್ಚಿತಾರ್ಥವನ್ನೂ ಬಟ್ಟೆ ಮಡಚುತ್ತಾ ನೋಡಬಹುದು. ಬಾಡಿಗೆ ಬೇರೆ ಕೊಡಬೇಕು ಅಂದರೆ ಗುಟ್ಟಿನ ಕಥೆ ಬೇಡ. ಅಮ್ಮ ಜೊತೆಗಿದ್ದರೆ 'ಪಾಮ್ ಸ್ಪ್ರಿಂಗ್ಸ್' ಕೂಡ ಬೇಡ, ಜೋಕುಗಳು ಹಾಗಿವೆ. ಮೊಟ್ಟೆಗೆ ಆ ಭಯವಿಲ್ಲ, ಅಮ್ಮನಿಗೆ ಜನಾರ್ದನನ ರಾಜ್‌ಕುಮಾರ್ ಹುಚ್ಚೇ ಸಾಕು.