ವಾರದ ಡೈರಿಗೆ ಯಾವ ಪ್ರಶ್ನೆ? 12 ವಾರ ಬರೆದು ನೋಡಿದ್ದು

ಭಾನುವಾರ ರಾತ್ರಿ ಊಟ ಆದ ಮೇಲೆ ಇಪ್ಪತ್ತು ನಿಮಿಷ, ನನಗೆ ಸಿಗುವುದು ಅಷ್ಟೇ. ಆರು ಜನರ ಟೀಮ್, ದಿನಕ್ಕೆ ನಾಲ್ಕೈದು ಮೀಟಿಂಗ್. ದಿನಾ ಡೈರಿ ಬರೆಯುವುದು ಆಗದ ಮಾತು. ಅದಕ್ಕೇ ವಾರಕ್ಕೊಮ್ಮೆ ಬರೆದೆ. ಒಂದೇ ವಿಷಯವನ್ನು ಎರಡು ಬಗೆಯಲ್ಲಿ ಕೇಳಿಕೊಂಡು, ಯಾವುದು ಕೆಲಸಕ್ಕೆ ಬರುತ್ತದೆ ಎಂದು ನೋಡಿದೆ.

ಮೊದಲು ದಣಿವಿನ ಪ್ರಶ್ನೆ. "ಈ ವಾರ ಯಾವುದು ಸುಸ್ತು ಮಾಡಿತು?" ಎಂದು ಕೇಳಿಕೊಂಡರೆ ಪ್ರತಿ ಸಲ ಗುರುವಾರ, ಶುಕ್ರವಾರದ್ದೇ ಬರುತ್ತಿತ್ತು. ಸೋಮವಾರದ್ದು ಅಷ್ಟರಲ್ಲಿ ಮರೆತೇ ಹೋಗಿರುತ್ತಿತ್ತು. ಆಮೇಲೆ ಪ್ರತಿ ಮೀಟಿಂಗ್ ಮುಗಿದ ಕೂಡಲೇ ಫೋನಿನ ಕ್ಯಾಲೆಂಡರಿನಲ್ಲಿ ಪ್ಲಸ್ ಅಥವಾ ಮೈನಸ್ ಹಾಕತೊಡಗಿದೆ. ಭಾನುವಾರದ ಪ್ರಶ್ನೆ: "ಮೈನಸ್ ಬಿದ್ದ ಕಡೆಯೆಲ್ಲ ಸಮಾನವಾಗಿ ಏನಿದೆ?" ಉದ್ದದ ಮೀಟಿಂಗೇ ಕಾರಣ ಎಂದುಕೊಂಡಿದ್ದೆ. ಆದರೆ ಮೈನಸ್ ಜಾಸ್ತಿ ಬಿದ್ದಿದ್ದು ಬಿಡುವಿಲ್ಲದೆ ಒಂದರ ಹಿಂದೆ ಒಂದು ಬಂದ ಮೀಟಿಂಗುಗಳಿಗೆ. ಗುರುತು ಹಾಕುವುದೇ ಗೆದ್ದಿತು.

ನಿಜವಾದ ವ್ಯತ್ಯಾಸ ಕಂಡಿದ್ದು ಸಿಟ್ಟಿನ ವಿಷಯದಲ್ಲಿ. ಒಂದು ಬುಧವಾರ ನನ್ನ ಟೀಮಿನ ಹುಡುಗ ಕ್ಲೈಂಟ್ ಎದುರೇ "ಆ ತಾರೀಖಿಗೆ ಆಗಲ್ಲ" ಅಂದ. ನಾನು ಅಲ್ಲೇ ರೇಗಿಬಿಟ್ಟೆ. ಭಾನುವಾರ "ಯಾಕೆ ರೇಗಿದೆ?" ಎಂದು ಬರೆದುಕೊಂಡೆ. ಅರ್ಧ ಪುಟ ತುಂಬಿತು: ಅವನು ಮೊದಲೇ ಹೇಳಬೇಕಿತ್ತು, ಹೋದ ತಿಂಗಳೂ ಹೀಗೇ ಮಾಡಿದ್ದ. ಓದಿದರೆ ನನ್ನ ಪರ ವಕೀಲರು ಬರೆದ ಹಾಗಿತ್ತು. ನನ್ನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಮಾರನೇ ವಾರ ಅದೇ ಘಟನೆಗೆ ಬೇರೆ ಮೂರು ಪ್ರಶ್ನೆ ಹಾಕಿಕೊಂಡೆ. ಅವನು ಆಡಿದ ಮಾತು ಏನು? ಆಗ ನನ್ನ ಮೈಗೆ ಏನಾಯಿತು? ಆ ಕ್ಷಣ ನನಗೆ ಏನು ಬೇಕಿತ್ತು? ಉತ್ತರ ನಾಲ್ಕೇ ಸಾಲು. ಕಿವಿ ಬಿಸಿಯಾಗಿತ್ತು, ಗಂಟೆ ಒಂದೂ ಮುಕ್ಕಾಲು, ಇನ್ನೂ ಊಟ ಆಗಿರಲಿಲ್ಲ. ನನಗೆ ಬೇಕಿದ್ದದ್ದು ಆ ಸುದ್ದಿ ಮುಂಚೆ ತಿಳಿಯುವುದು. ಕ್ಲೈಂಟ್ ಮುಂದೆ ಏನೂ ಗೊತ್ತಿಲ್ಲದವನಂತೆ ಕಾಣಬಾರದು ಎಂಬ ಹೆದರಿಕೆ ಅದು. ಅಂದಿನಿಂದ ಕ್ಲೈಂಟ್ ಕರೆಗೆ ಮುಂಚೆ ಹತ್ತು ನಿಮಿಷ ಟೀಮಿನ ಜೊತೆ ಮಾತಾಡುತ್ತೇನೆ. "ಯಾಕೆ"ಗಿಂತ "ಏನು" ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಸಿಟ್ಟು ಇನ್ನೂ ಇಳಿಯದಿದ್ದರೆ ಯಾವ ಪ್ರಶ್ನೆಯೂ ಕೆಲಸ ಮಾಡುವುದಿಲ್ಲ. ಬರೆದದ್ದರಲ್ಲಿ ಬೇರೆಯವರ ಹೆಸರುಗಳು ಮತ್ತೆ ಮತ್ತೆ ಬರುತ್ತಿದ್ದರೆ ಇನ್ನೂ ಇಳಿದಿಲ್ಲ ಎಂದೇ ಲೆಕ್ಕ. ಆಗ ಅದನ್ನು ಮುಂದಿನ ವಾರಕ್ಕೆ ಬಿಡುತ್ತೇನೆ.

ಮೌಲ್ಯದ ಪ್ರಶ್ನೆ ಮಾತ್ರ ಪ್ರತಿ ವಾರಕ್ಕೆ ಬೇಡ. "ನನಗೆ ಯಾವುದು ಮುಖ್ಯ?" ಎಂದು ಕೇಳಿದರೆ ಮನೆ, ಆರೋಗ್ಯ, ಪ್ರಾಮಾಣಿಕತೆ ಎಂದು ಚಂದದ ಪಟ್ಟಿ ಬರುತ್ತದೆ, ಅಷ್ಟೇ. ಅದರ ಬದಲು ತಿಂಗಳಿಗೊಮ್ಮೆ ಹೀಗೆ ಕೇಳಿ: "ಯಾವುದಕ್ಕೆ ಹೂಂ ಅಂದೆ? ಅದರಿಂದ ಏನು ತಪ್ಪಿತು?" ನನ್ನ ಮೊದಲ ಉತ್ತರ: ರಾತ್ರಿ ಎಂಟರ ಕರೆಗೆ ಮೂರು ಸಲ ಹೂಂ ಅಂದಿದ್ದೆ. ಮೂರು ಸಲವೂ ಅಮ್ಮನಿಗೆ ಫೋನ್ ಮಾಡುವುದು ತಪ್ಪಿತ್ತು.