ತೊಂಬತ್ತೆರಡು ಪೈಸೆ ಬಡ್ಡಿ ಎರಡು ರೂಪಾಯಿ ಆದ ಲೆಕ್ಕ: ಗಾಡಿ ಲೋನಿಗೆ ಸಹಿ ಹಾಕುವ ಮುಂಚೆ ಓದಿ

ನಮ್ಮ ಮಂಡ್ಯ, ಮೈಸೂರು ಕಡೆ ಬಡ್ಡಿಯನ್ನು ವರ್ಷಕ್ಕೆ ಎಷ್ಟು ಪರ್ಸೆಂಟ್ ಅಂತ ಯಾರೂ ಕೇಳುವುದಿಲ್ಲ. ತಿಂಗಳಿಗೆ ನೂರಕ್ಕೆ ಎಷ್ಟು ಅಂತಲೇ ಕೇಳುವುದು. ಊರಲ್ಲಿ ಕೈಸಾಲ ಎರಡು ರೂಪಾಯಿಗೆ ಸಿಕ್ಕುತ್ತದೆ, ಆತುರ ಕಂಡರೆ ಮೂರು ಕೇಳುತ್ತಾರೆ. ಗಾಡಿ ಶೋರೂಮಿನಲ್ಲಿ ಲೋನ್ ಮೇಜಿನ ಹಿಂದೆ ಕೂತವರಿಗೂ ಇದು ಚೆನ್ನಾಗಿ ಗೊತ್ತು. ಅದಕ್ಕೇ ಅವರೂ ಪೈಸೆ ಲೆಕ್ಕದಲ್ಲೇ ಮಾತಾಡುತ್ತಾರೆ.

ಶ್ರೀರಂಗಪಟ್ಟಣದ ಪಕ್ಕದ ಹಳ್ಳಿಯ ಒಬ್ಬ ಹುಡುಗ, ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸ, ಕೈಗೆ ಬರುವ ಸಂಬಳ 18,000. ಆಯುಧ ಪೂಜೆಯ ಹಿಂದಿನ ದಿನ ಅಪ್ಪನ ಜೊತೆ ಶೋರೂಮಿಗೆ ಹೋದ. ಗಾಡಿಯ ಆನ್‌ರೋಡ್ ಬೆಲೆ 1,06,000. ಕೈಯಲ್ಲಿ 26,000 ಇತ್ತು, ಉಳಿದ 80,000ಕ್ಕೆ ಲೋನ್.

“ಹನ್ನೊಂದು ಪರ್ಸೆಂಟ್ ಅಷ್ಟೇ ಯಜಮಾನ್ರೇ. ನೂರಕ್ಕೆ ತೊಂಬತ್ತೆರಡು ಪೈಸೆ ಬೀಳುತ್ತೆ. ಮೂರು ವರ್ಷ, ತಿಂಗಳಿಗೆ 2,956.”

“ಒಂದು ರೂಪಾಯಿಗಿಂತ ಕಮ್ಮಿನಾ? ವಾಸಿ ಬಿಡಪ್ಪ, ಸಹಿ ಹಾಕು” ಅಂದರು ಅಪ್ಪ.

ಬ್ಯಾಂಕಿನಲ್ಲಿ ಶೇಕಡಾ 12 ಹೇಳಿದ್ದರಂತೆ. 12ಕ್ಕಿಂತ 11 ಕಮ್ಮಿ ತಾನೆ ಅಂತ ಬ್ಯಾಂಕಿನ ಆಸೆ ಬಿಟ್ಟರು. ಎಡವಿದ್ದು ಅಲ್ಲೇ. ಅದೇ 80,000ಕ್ಕೆ, ಅದೇ 36 ತಿಂಗಳಿಗೆ, ಬ್ಯಾಂಕಿನ 12 ಪರ್ಸೆಂಟಿನ ಕಂತು 2,657. ಶೋರೂಮಿನ 11 ಪರ್ಸೆಂಟಿನ ಕಂತು 2,956. ಕಮ್ಮಿ ಬಡ್ಡಿಯ ಸಾಲಕ್ಕೆ ತಿಂಗಳಿಗೆ 299 ರೂಪಾಯಿ ಜಾಸ್ತಿ, ಮೂರು ವರ್ಷಕ್ಕೆ ಹತ್ತು ಸಾವಿರದ ಏಳುನೂರರ ಮೇಲೆ.

ಇದಕ್ಕೆ ಕಾರಣ ಒಂದೇ ಪದ, ಫ್ಲಾಟ್. ಫ್ಲಾಟ್ ಲೆಕ್ಕದಲ್ಲಿ 80,000ಕ್ಕೆ ಶೇಕಡಾ 11ರಂತೆ ವರ್ಷಕ್ಕೆ 8,800 ಬಡ್ಡಿ, ಮೂರು ವರ್ಷಕ್ಕೆ 26,400. ಅದನ್ನು ಅಸಲಿಗೆ ಸೇರಿಸಿ 36ರಿಂದ ಭಾಗಿಸಿದರೆ ಕಂತು ಬಂತು. ಅಂದರೆ ನೀವು ಪ್ರತಿ ತಿಂಗಳು ಅಸಲು ತೀರಿಸುತ್ತಾ ಹೋದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರಾ 80,000ದ ಮೇಲೆಯೇ. ಪ್ರತಿ ಕಂತಿನಲ್ಲಿ 2,222 ಅಸಲಿಗೆ, 733 ಬಡ್ಡಿಗೆ. ಕೊನೆಯ ತಿಂಗಳನ್ನು ನೋಡಿ: ಆಗ ನಿಮ್ಮ ಮೇಲಿರುವ ಸಾಲ ಬರೀ 2,222 ರೂಪಾಯಿ. ಅದಕ್ಕೂ ಆ ಒಂದು ತಿಂಗಳಿಗೆ 733 ರೂಪಾಯಿ ಬಡ್ಡಿ! ಊರಿನ ಯಾವ ಕೈಸಾಲದವರೂ ಹೀಗೆ ಕೇಳುವುದಿಲ್ಲ. ಅರ್ಧ ಅಸಲು ಕೊಟ್ಟರೆ ಮುಂದಿನ ತಿಂಗಳಿಂದ ಅವರೂ ಅರ್ಧ ಬಡ್ಡಿಯನ್ನೇ ಕೇಳುತ್ತಾರೆ.

ಬ್ಯಾಂಕಿನ 12 ಪರ್ಸೆಂಟ್ ರೆಡ್ಯೂಸಿಂಗ್, ಅಂದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ. ಶೋರೂಮಿನ 11 ಫ್ಲಾಟನ್ನು ಹಾಗೇ ಉಳಿದ ಅಸಲಿನ ಲೆಕ್ಕಕ್ಕೆ ತಿರುಗಿಸಿದರೆ ಸುಮಾರು 19.6 ಆಗುತ್ತದೆ. ಎರಡರಿಂದ ನಾಲ್ಕು ವರ್ಷದ ಸಾಲಕ್ಕೆ ಬಾಯಿಲೆಕ್ಕ ಬೇಕಿದ್ದರೆ ಫ್ಲಾಟ್ ದರವನ್ನು 1.8ರಿಂದ ಗುಣಿಸಿ, ಹತ್ತಿರಕ್ಕೆ ಬರುತ್ತದೆ. ತೊಂಬತ್ತೆರಡು ಪೈಸೆ ಇಲ್ಲಿಗೇ ಒಂದು ರೂಪಾಯಿ ಅರವತ್ತಮೂರು ಪೈಸೆ ಆಯಿತು.

ಉಳಿದದ್ದು ಡೆಲಿವರಿಯ ದಿನ ಆಯಿತು. ಗಾಡಿಗೆ ಹೂವಿನ ಹಾರ ಹಾಕಿ ನಿಲ್ಲಿಸಿದ್ದಾರೆ, ಅಪ್ಪ ಮಗ 26,000 ಎಣಿಸಿ ಕೊಟ್ಟಿದ್ದಾರೆ. ಆಗ ಇನ್ನೂ 6,356 ಕಟ್ಟಬೇಕು ಅಂತ ಚೀಟಿ ಬಂತು. ಪ್ರೊಸೆಸಿಂಗ್ ಫೀಸು 2,000, ದಾಖಲೆ ಪತ್ರದ ಖರ್ಚು 600, ಸಾಲದ ಮೇಲಿನ ವಿಮೆ 800, ಮೊದಲ ಕಂತು ಮುಂಗಡ 2,956. ಇಷ್ಟನ್ನೂ ಫೈನಾನ್ಸ್ ಕಂಪನಿ ಲೋನಿನಲ್ಲೇ ಮುರಿದುಕೊಂಡು ಶೋರೂಮಿಗೆ 73,644 ಮಾತ್ರ ಕಳಿಸಿತ್ತು. ಹಾರ ಹಾಕಿದ ಗಾಡಿ ಬಿಟ್ಟು ಮನೆಗೆ ಹೋಗಲು ಯಾರಿಗೆ ಮನಸ್ಸು ಬರುತ್ತದೆ? ನೆಂಟರಿಗೆ ಫೋನ್ ಮಾಡಿ ಹಣ ಹೊಂದಿಸಿದರು.

ಈಗ ನಿಜವಾದ ಲೆಕ್ಕ ಹಾಕಿ. ಗಾಡಿಗೆ ಸಂದ ಸಾಲ 73,644, ಮುಂದೆ ಕಟ್ಟಬೇಕಾದ ಕಂತು 35, ಕಂತಿಗೆ 2,956. ಫೋನಿನಲ್ಲೇ ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ತೆರೆದು ಯಾವುದಾದರೂ ಒಂದು ಖಾನೆಯಲ್ಲಿ ಇದನ್ನು ಟೈಪ್ ಮಾಡಿ:

```
=RATE(35,-2956,73644)*1200
```

ಮೊದಲನೆಯದು ಉಳಿದ ಕಂತುಗಳ ಸಂಖ್ಯೆ, ಎರಡನೆಯದು ಕಂತಿನ ಮೊತ್ತ, ಮೂರನೆಯದು ಮುರಿದುಕೊಂಡದ್ದೆಲ್ಲಾ ಹೋಗಿ ನಿಮ್ಮ ಪರವಾಗಿ ಸಂದ ಹಣ. ಕಂತಿನ ಮುಂದಿನ ಮೈನಸ್ ಚಿಹ್ನೆ ಮರೆತರೆ ಉತ್ತರ ಬರುವುದಿಲ್ಲ. ಇಲ್ಲಿ ಬರುವ ಉತ್ತರ 24.3ರ ಆಸುಪಾಸು. ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ. ಊರಿನ ಕೈಸಾಲಕ್ಕಿಂತ ವಾಸಿ ಅಂದುಕೊಂಡು ತಂದದ್ದು ಕೊನೆಗೆ ಊರಿನ ಕೈಸಾಲದ ದರಕ್ಕೇ ಬಂದು ನಿಂತಿತು.

ನನಗೆ ತುಂಬಾ ಹೊಟ್ಟೆ ಉರಿಯುವುದು ಇದಕ್ಕೆ: ಈ ಎಲ್ಲ ಲೆಕ್ಕವೂ ಕಾಗದದಲ್ಲಿತ್ತು. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಇಂಥ ಪ್ರತಿ ಹೊಸ ಸಾಲಕ್ಕೂ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಚಿಕ್ಕದಾಗಿ ಕೆಎಫ್ಎಸ್, ಕೊಡಲೇಬೇಕು. ಬ್ಯಾಂಕಾದರೂ ಅಷ್ಟೆ, ಫೈನಾನ್ಸ್ ಕಂಪನಿಯಾದರೂ ಅಷ್ಟೆ. ಅದರಲ್ಲಿ ಎಪಿಆರ್ ಎಂಬ ಸಾಲು ಇರುತ್ತದೆ. ಬಡ್ಡಿ, ಫೀಸು, ಅವರ ಮೂಲಕ ವಸೂಲಾಗುವ ವಿಮೆ ಎಲ್ಲ ಸೇರಿದ ವಾರ್ಷಿಕ ದರ ಅದು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಬರೆದುಕೊಡಬೇಕು ಅಂತ ನಿಯಮವಿದೆ, ಆದ್ದರಿಂದ ಕನ್ನಡದಲ್ಲಿ ಕೊಡಿ ಅಂತ ಧೈರ್ಯವಾಗಿ ಕೇಳಿ. ಅದು ಕೈಗೆ ಬಂದ ಮೇಲೆ ಯೋಚಿಸಲು ಕನಿಷ್ಠ ಮೂರು ಕೆಲಸದ ದಿನ ನಿಮಗಿದೆ, ಅಷ್ಟು ದಿನ ಆ ಷರತ್ತುಗಳನ್ನು ಅವರು ಬದಲಿಸುವಂತಿಲ್ಲ. ಅದರಲ್ಲಿ ಬರೆಯದ ಶುಲ್ಕವನ್ನು ನಿಮ್ಮ ಒಪ್ಪಿಗೆ ಇಲ್ಲದೆ ಆಮೇಲೆ ಹಾಕುವಂತೆಯೂ ಇಲ್ಲ.

ಈ ಹುಡುಗನಿಗೆ ಬಂದದ್ದು ಇಂಗ್ಲಿಷಿನ ಪಿಡಿಎಫ್, ಫೋನಿಗೆ. ಬಂದ ಎರಡು ನಿಮಿಷಕ್ಕೆ “ಓಟಿಪಿ ಹೇಳಿ ಸರ್” ಅಂದರು, ಹೇಳಿದ. ಆ ಓಟಿಪಿಯೇ ಅವನ ಸಹಿ. ಅದಕ್ಕೇ ಹೇಳುವುದು, ಆಯುಧ ಪೂಜೆಗೆ ಗಾಡಿ ಮನೆಗೆ ಬರಬೇಕಾದರೆ ಸಾಲದ ಮಾತು ಹತ್ತು ದಿನ ಮುಂಚೆಯೇ ಮುಗಿದಿರಲಿ. ಹಿಂದಿನ ದಿನ ಹೋದರೆ ಆ ಮೂರು ದಿನ ನಿಮಗೆ ಸಿಗುವುದೇ ಇಲ್ಲ. ವಿಮೆ ಕಡ್ಡಾಯ ಅಂದರೆ ಯಾವ ವಿಮೆ ಅಂತ ಕೇಳಿ. ಗಾಡಿಗೆ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಬೇಕೇ ಬೇಕು. ಸಾಲದ ಮೇಲಿನ ವಿಮೆ ಬೇರೆ, ಅದನ್ನು ಯಾವ ಕಾನೂನೂ ಕಡ್ಡಾಯ ಮಾಡಿಲ್ಲ.

ಇನ್ನು ಅವಧಿ. ಶೇಕಡಾ 12 ರೆಡ್ಯೂಸಿಂಗ್ ದರದಲ್ಲಿ 80,000ಕ್ಕೆ ಎರಡು ವರ್ಷವಾದರೆ ಕಂತು 3,766, ಒಟ್ಟು ಬಡ್ಡಿ ಸುಮಾರು 10,400. ಮೂರು ವರ್ಷಕ್ಕೆ ಕಂತು 2,657, ಬಡ್ಡಿ ಸುಮಾರು 15,650. ನಾಲ್ಕು ವರ್ಷಕ್ಕೆ ಕಂತು 2,107, ಬಡ್ಡಿ 21,100. ಒಂದೊಂದು ವರ್ಷ ಎಳೆದಾಗಲೂ ಬಡ್ಡಿ ಐದು ಸಾವಿರದ ಮೇಲೆ ಏರುತ್ತದೆ, ಆದರೆ ಕಂತು ಇಳಿಯುವುದು ಮೊದಲ ಸಲ 1,100, ಮುಂದಿನ ಸಲ ಬರೀ 550. ಹಾಗಾಗಿ ನಾಲ್ಕನೇ ವರ್ಷಕ್ಕೆ ಎಳೆಯುವುದು ನನ್ನ ಪ್ರಕಾರ ದಂಡ. ಟೈರು, ಚೈನ್ ಸ್ಪ್ರಾಕೆಟ್, ಬ್ಯಾಟರಿ ಬದಲಿಸುವ ಕಾಲಕ್ಕೂ ಕಂತು ನಿಂತಿರುವುದಿಲ್ಲ. ಕಂತಿಗೆ ಎಷ್ಟು ತಡೆಯುತ್ತದೆ ಅಂತ ನೋಡುವಾಗ ಪೆಟ್ರೋಲನ್ನೂ ಸೇರಿಸಿ. ದಿನಕ್ಕೆ 40 ಕಿಲೋಮೀಟರ್ ಓಡಿಸಿದರೆ ತಿಂಗಳಿಗೆ 20 ಲೀಟರ್ ದಾಟುತ್ತದೆ, ಎರಡು ಸಾವಿರದ ಮೇಲೆ. ಈ ಹುಡುಗನ 18,000ದಲ್ಲಿ ಗಾಡಿಗೇ ಐದು ಸಾವಿರ ಹೋಯಿತು.

ಕಂತಿನ ತಾರೀಕು ಯಾರೂ ಕೇಳದ ವಿಷಯ. ಅವನ ಸಂಬಳ 7ಕ್ಕೆ, ಕಂತು ಖಾತೆಯಿಂದ ಕಡಿತವಾಗುವುದು 5ಕ್ಕೆ. ಎರಡು ತಿಂಗಳು ಖಾತೆಯಲ್ಲಿ ಹಣ ಸಾಲದೆ ವಾಪಸಾಯಿತು. ಪ್ರತಿ ಸಲ ಫೈನಾನ್ಸಿನವರ ಬೌನ್ಸ್ ಚಾರ್ಜು 450, ಬ್ಯಾಂಕಿನವರದು 295. ದುಡ್ಡಿಗಿಂತ ದೊಡ್ಡ ಪೆಟ್ಟು ಸಿಬಿಲ್ ಸ್ಕೋರಿಗೆ. ಕಡಿತದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗಲೇ 10ನೇ ತಾರೀಕು ಹಾಕಿ ಅಂದಿದ್ದರೆ ಇದು ಆಗುತ್ತಿರಲಿಲ್ಲ. ಆಮೇಲೆ ಬದಲಿಸಲು ಹೊಸ ಒಪ್ಪಿಗೆ ಪತ್ರ, ಓಡಾಟ.

ಒಂದೂವರೆ ವರ್ಷದ ಮೇಲೆ ಅಪ್ಪನ ಕಬ್ಬಿನ ಬಿಲ್ಲು ಬಂತು, ಸಾಲ ಮುಗಿಸಿಬಿಡೋಣ ಅಂದುಕೊಂಡರು. 18 ಕಂತು, 53,208 ಕಟ್ಟಿಯಾಗಿದೆ, ಅರ್ಧ ತೀರಿದೆ, ಇನ್ನು 40,000 ಅಂತ ಅವರ ಎಣಿಕೆ. ಫೈನಾನ್ಸಿನವರು ಕೊಟ್ಟ ಲೆಕ್ಕದಲ್ಲಿ ಅಸಲೇ ಸುಮಾರು 45,400 ಬಾಕಿ. ಕಂತು ಎಣಿಸುವಾಗ ಫ್ಲಾಟ್ ಲೆಕ್ಕ ಹಿಡಿದರೂ ಸಾಲದ ಪುಸ್ತಕದಲ್ಲಿ ಮೊದಮೊದಲ ಕಂತುಗಳಿಂದ ಬಡ್ಡಿಯನ್ನೇ ಹೆಚ್ಚು ಜಮಾ ಮಾಡಿಕೊಂಡಿರುತ್ತಾರೆ. ಅದರ ಮೇಲೆ ಅವಧಿಗೆ ಮುಂಚೆ ಮುಗಿಸುವ ಶುಲ್ಕ ಶೇಕಡಾ 4, ಅದಕ್ಕೆ ಜಿಎಸ್‌ಟಿ 18, ಎರಡೂ ಸೇರಿ 2,143. ಒಟ್ಟು 47,500 ಕಟ್ಟಿದರೆ ಉಳಿಯುತ್ತಿದ್ದದ್ದು 5,600 ಚಿಲ್ಲರೆ ಮಾತ್ರ. ಬೈಕ್ ಸಾಲಗಳಲ್ಲಿ ಬಡ್ಡಿ ಸಾಮಾನ್ಯವಾಗಿ ಬದಲಾಗದ ದರದ್ದು, ಇಂಥ ಶುಲ್ಕ ಹೆಚ್ಚಿನ ಕಡೆ ಇರುತ್ತದೆ. ಕೆಎಫ್ಎಸ್‌ನಲ್ಲಿ ಫೋರ್‌ಕ್ಲೋಷರ್ ಎಂಬ ಸಾಲು ಹುಡುಕಿ, ಕಬ್ಬು, ಭತ್ತದ ದುಡ್ಡು ನಂಬಿಕೊಂಡವರು ಅದು ಕಡಿಮೆ ಇರುವ ಕಡೆಯೇ ಸಾಲ ಮಾಡಿ.

ಸಾಲ ತೀರಿದ ಮೇಲೆ ಎನ್ಒಸಿ ಮತ್ತು ಫಾರಂ 35 ಎರಡನ್ನೂ ಕೇಳಿ ಪಡೆದು, ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸ್ ಹೆಸರು ತೆಗೆಸಿ. ಇಲ್ಲದಿದ್ದರೆ ಗಾಡಿ ಮಾರುವ ದಿನ ಸಿಕ್ಕಿಹಾಕಿಕೊಳ್ಳುತ್ತೀರಿ. ಕೆಎಫ್ಎಸ್‌ನಲ್ಲಿ ಇಲ್ಲದ ಶುಲ್ಕ ಹಾಕಿದ್ದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಇಲ್ಲವೇ ಬಂದ ಉತ್ತರ ಸರಿಯಿಲ್ಲದಿದ್ದರೆ, cms.rbi.org.in ನಲ್ಲಿ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಅದಕ್ಕೆ ಖರ್ಚಿಲ್ಲ. ಮಾಹಿತಿ ಬೇಕಿದ್ದರೆ 14448ಕ್ಕೆ ಫೋನ್ ಮಾಡಿ.